ಕಲ್ಚರ್ ವರದಿಯ ‘ಆರ್’ ಎಲ್ಲವೂ ಒಂದೇ ಅಲ್ಲ: ಬೀಟಾ-ಲ್ಯಾಕ್ಟಮ್ ಮದ್ದಿನ ಎದುರು ಈಕೊಲೈ ಮಾಡುವ ಕೆಲಸ

ಮೂತ್ರದ ಕಲ್ಚರ್ ವರದಿ ಕೈಗೆ ಬಂದರೆ ಹೆಚ್ಚಿನವರ ಕಣ್ಣು ಹೋಗುವುದು ಎರಡು ಅಕ್ಷರಗಳ ಮೇಲೆ. ‘ಎಸ್’ ಇದ್ದರೆ ಆ ಮದ್ದು ತಾಗುತ್ತದೆ, ‘ಆರ್’ ಇದ್ದರೆ ತಾಗುವುದಿಲ್ಲ. ನಮ್ಮ ಉಡುಪಿ, ಮಂಗಳೂರು ಕಡೆ ಲ್ಯಾಬ್ ಕೌಂಟರಿನಲ್ಲಿ ಪದೇಪದೇ ಕೇಳಿಬರುವ ಪ್ರಶ್ನೆಯೂ ಇದೇ: “ಡಾಕ್ಟ್ರೇ, ಇದ್ರಲ್ಲಿ ಇಷ್ಟೆಲ್ಲ ಆರ್ ಬಂದಿದೆಯಲ್ಲ, ಇನ್ನು ಎಂತ ಮದ್ದು ಉಂಟು?” ಕೇಳುವವರ ತಪ್ಪಲ್ಲ. ಆದರೆ ವರದಿಯನ್ನು ಬರೆದವರು ಅದನ್ನು ಓದುವ ರೀತಿ ಬೇರೆ. ಯಾವ ಮದ್ದಿಗೆ ಆರ್ ಬಂದಿದೆ, ಅದರ ಪಕ್ಕದ ಯಾವ ಮದ್ದಿಗೆ ಎಸ್ ಉಳಿದಿದೆ ಎಂದು ಜೋಡಿಸಿ ನೋಡಿದರೆ, ಆ ಬ್ಯಾಕ್ಟೀರಿಯಾದ ಒಳಗೆ ಯಾವ ಕಿಣ್ವ ಕೆಲಸ ಮಾಡುತ್ತಿದೆ ಎಂಬುದನ್ನು ಬಹಳ ಮಟ್ಟಿಗೆ ಹೇಳಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಪು ಕಡೆಯ ಅರುವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆ ಇದೆ, ಉರಿಮೂತ್ರದ ಜೊತೆ ಚಳಿಜ್ವರ. ಮೂತ್ರದಲ್ಲಿ ಈಕೊಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ, ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು. ವರದಿ ಹೀಗಿದೆ: ಆಂಪಿಸಿಲಿನ್ ಆರ್, ಸೆಫ್ಟ್ರಿಯಾಕ್ಸೋನ್ ಆರ್, ಸೆಫಾಕ್ಸಿಟಿನ್ ಎಸ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎಸ್, ಮೆರೊಪೆನೆಮ್ ಎಸ್. ಹೆಸರು ಐದಾದರೂ ಎಲ್ಲವೂ ಬೀಟಾ-ಲ್ಯಾಕ್ಟಮ್ ಎಂಬ ಒಂದೇ ಕುಟುಂಬದ ಮದ್ದುಗಳು, ಎಲ್ಲವೂ ಹೊಡೆಯುವುದು ಒಂದೇ ಜಾಗಕ್ಕೆ. ಹಾಗಿರುವಾಗ ಎರಡಕ್ಕೆ ಆರ್, ಮೂರಕ್ಕೆ ಎಸ್ ಯಾಕೆ?

ಮೊದಲು ಆ ಜಾಗ ಯಾವುದೆಂದು ನೋಡಬೇಕು. ಬ್ಯಾಕ್ಟೀರಿಯಾದ ಒಳಗೆ ಒತ್ತಡ ಹೆಚ್ಚು. ಸುತ್ತ ಕೋಶಭಿತ್ತಿ ಇಲ್ಲದಿದ್ದರೆ ಅದು ಒಡೆದುಹೋಗುತ್ತದೆ. ಈ ಭಿತ್ತಿಯನ್ನು ಗೋಡೆ ಎಂದು ಕಲ್ಪಿಸಿಕೊಳ್ಳುವುದಕ್ಕಿಂತ ಮಲ್ಪೆಯ ಧಕ್ಕೆಯಲ್ಲಿ ಹೆಣೆಯುವ ಬಲೆ ಎಂದುಕೊಂಡರೆ ನಿಜಕ್ಕೆ ಹತ್ತಿರ. ಉದ್ದುದ್ದ ಸಕ್ಕರೆಯ ಎಳೆಗಳು, ಅವುಗಳ ನಡುವೆ ಅಡ್ಡಡ್ಡ ಗಂಟುಗಳು. ಎಳೆಗಳು ಎಷ್ಟೇ ಇದ್ದರೂ ಗಂಟು ಬೀಳದಿದ್ದರೆ ಬಲೆ ಒತ್ತಡ ತಡೆಯುವುದಿಲ್ಲ.

ಗಂಟು ಬೀಳುವುದು ಹೀಗೆ. ಸಕ್ಕರೆಯ ಎಳೆಯಿಂದ ಐದು ಅಮೈನೊ ಆಮ್ಲಗಳ ಚಿಕ್ಕದೊಂದು ಬಾಲ ಇಳಿಬಿದ್ದಿರುತ್ತದೆ. ಅದರ ತುದಿಯ ಎರಡೂ ಡಿ-ಅಲನೈನ್. ಗಂಟು ಹಾಕುವ ಕಿಣ್ವ ತನ್ನಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲದಿಂದ ಈ ಎರಡರ ನಡುವಿನ ಕೊಂಡಿಯನ್ನು ಹಿಡಿಯುತ್ತದೆ. ಕೊನೆಯ ಅಲನೈನ್ ಕಳಚಿ ಹೊರಗೆ ಹೋಗುತ್ತದೆ, ಉಳಿದ ಬಾಲ ಒಂದು ಗಳಿಗೆ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಪಕ್ಕದ ಎಳೆಯ ಬಾಲ ಬಂದು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಗಂಟು ಬಿತ್ತು, ಕಿಣ್ವ ಬಿಡುಗಡೆಯಾಯಿತು, ಮುಂದಿನ ಗಂಟಿಗೆ ಹೊರಟಿತು.

ಪೆನಿಸಿಲಿನ್ ಮತ್ತು ಅದರ ಬಂಧುಗಳೆಲ್ಲದರ ನಡುವೆ ನಾಲ್ಕು ಪರಮಾಣುಗಳ ಒಂದು ಉಂಗುರವಿದೆ: ಮೂರು ಇಂಗಾಲ, ಒಂದು ಸಾರಜನಕ. ಇದೇ ಬೀಟಾ-ಲ್ಯಾಕ್ಟಮ್ ಉಂಗುರ. ಇಂಥ ಕೊಂಡಿಗಳು ಸಹಜವಾಗಿ 120 ಡಿಗ್ರಿಯ ಸುತ್ತಮುತ್ತ ಬಾಗಿರಲು ಬಯಸುತ್ತವೆ. ಇಲ್ಲಿ ಅವು 90ರ ಆಸುಪಾಸಿಗೆ ಮಡಚಿಕೊಂಡಿವೆ. ಯಾರಾದರೂ ಮುಟ್ಟಿದರೆ ಸಾಕು, ಉಂಗುರ ಬಿಚ್ಚಿಕೊಳ್ಳುತ್ತದೆ. 1965ರಲ್ಲಿ ಟಿಪ್ಪರ್ ಮತ್ತು ಸ್ಟ್ರೊಮಿಂಜರ್ ಎಂಬ ವಿಜ್ಞಾನಿಗಳು ಪೆನಿಸಿಲಿನ್‌ನ ಆಕಾರ ಆ ಎರಡು ಡಿ-ಅಲನೈನ್‌ಗಳ ಜೋಡಿಯನ್ನೇ ಹೋಲುತ್ತದೆ ಎಂದು ಸೂಚಿಸಿದರು. ಗಂಟು ಹಾಕುವ ಕಿಣ್ವ ಮೋಸ ಹೋಗುವುದು ಅಲ್ಲಿ. ಅದರ ಸೆರೀನ್ ಉಂಗುರವನ್ನು ಹಿಡಿಯುತ್ತದೆ, ಉಂಗುರ ಬಿಚ್ಚುತ್ತದೆ, ಆದರೆ ಅಲನೈನ್ ಕಳಚಿ ಹೋದ ಹಾಗೆ ಇಲ್ಲಿ ಯಾವ ತುಂಡೂ ಹೊರಗೆ ಹೋಗುವುದಿಲ್ಲ. ಇಡೀ ಪೆನಿಸಿಲಿನ್ ಅಲ್ಲೇ ಅಂಟಿ ಕೂರುತ್ತದೆ. ಪಕ್ಕದ ಎಳೆಗೆ ಹತ್ತಿರ ಬರಲು ಜಾಗವಿಲ್ಲ. ಹೀಗೆ ಅಂಟಿದ್ದು ತಾನಾಗಿ ಬಿಡಲು ಗಂಟೆಗಟ್ಟಲೆ ಬೇಕು. ಒಳ್ಳೆಯ ಆಹಾರ ಸಿಕ್ಕ ಈಕೊಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಜೀವಿ. ಭಿತ್ತಿಯನ್ನು ಅಲ್ಲಲ್ಲಿ ಕತ್ತರಿಸಿ ಹೊಸ ಎಳೆಗೆ ಜಾಗ ಮಾಡುವ ಬೇರೆ ಕಿಣ್ವಗಳು ಮಾತ್ರ ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಕತ್ತರಿಸುವುದು ನಡೆದು ಗಂಟು ಬೀಳುವುದು ನಿಂತರೆ ಬ್ಯಾಕ್ಟೀರಿಯಾ ಒಡೆಯುತ್ತದೆ.

ಪೆನಿಸಿಲಿನ್ ಹೀಗೆ ಅಂಟುವುದರಿಂದ ಆ ಕಿಣ್ವಗಳಿಗೆ ‘ಪೆನಿಸಿಲಿನ್ ಹಿಡಿಯುವ ಪ್ರೋಟೀನ್’ ಎಂಬ ಹೆಸರು ಬಂತು. ಲ್ಯಾಬಿನಲ್ಲಿ ಎಲ್ಲರೂ ಪಿಬಿಪಿ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಈಕೊಲೈಯಲ್ಲಿ ಇವು ಹಲವಿವೆ, ಒಂದೊಂದಕ್ಕೂ ಬೇರೆ ಕೆಲಸ. ಇವುಗಳಲ್ಲಿ ಪಿಬಿಪಿ-3 ಎಂಬುದನ್ನು ನೆನಪಿಟ್ಟುಕೊಳ್ಳಿ. ಒಂದು ಕೋಶ ಎರಡಾಗುವಾಗ ನಡುವಿನ ಅಡ್ಡಗೋಡೆ ಕಟ್ಟುವುದು ಅದು.

ಈಗ ವರದಿಯ ಮೊದಲ ಆರ್. ಆಂಪಿಸಿಲಿನ್ ಸೋಲಲು ಈಕೊಲೈಯಲ್ಲಿ ಸಾಮಾನ್ಯ ಕಾರಣ ಟೆಮ್-1 ಎಂಬ ಬೀಟಾ-ಲ್ಯಾಕ್ಟಮೇಸ್, ಅಂದರೆ ಆ ಉಂಗುರವನ್ನು ಮುರಿದು ಹಾಳುಮಾಡುವ ಕಿಣ್ವ. 1960ರ ದಶಕದಲ್ಲಿ ಗ್ರೀಸ್ ದೇಶದ ಅಥೆನ್ಸ್‌ನಲ್ಲಿ ರೋಗಿಯೊಬ್ಬರಲ್ಲಿ ಸಿಕ್ಕಿದ್ದಕ್ಕೆ ಆ ರೋಗಿಯ ಹೆಸರಿನ ಮೊದಲ ಅಕ್ಷರಗಳೇ ಅಂಟಿಕೊಂಡವು. ಇಂಥ ಕಿಣ್ವ ಇರುವುದು ಮಾತ್ರ ಅದಕ್ಕೂ ಮೊದಲೇ ಗೊತ್ತಿತ್ತು. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿರಲಿಲ್ಲ, 1940ರಲ್ಲೇ ಅಬ್ರಹಾಂ ಮತ್ತು ಚೈನ್ ಅದನ್ನು ಹಾಳುಗೆಡವುವ ಕಿಣ್ವ ಈಕೊಲೈಯಲ್ಲಿದೆ ಎಂದು ಬರೆದಿದ್ದರು. ಮದ್ದು ಹೆಚ್ಚು ತಿಂದದ್ದರಿಂದಲೇ ಈ ಕಿಣ್ವ ಹುಟ್ಟಿತು ಎಂದು ಹೇಳುವವರನ್ನು ನಾನು ತಡೆಯುವುದು ಇದಕ್ಕೇ. ಹುಟ್ಟು ಬಹಳ ಹಳೆಯದು. ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿದ್ದು ಮಾತ್ರ ನಮ್ಮ ಬಳಕೆಯಿಂದ.

ಟೆಮ್-1ರ ಕುತೂಹಲದ ಸಂಗತಿ ಎಂದರೆ ಅದು ಪಿಬಿಪಿಯ ದಾಯಾದಿ. ಅದರಲ್ಲೂ ಒಂದು ಸೆರೀನ್ ಇದೆ, ಅದೂ ಉಂಗುರವನ್ನು ಅದೇ ರೀತಿ ಹಿಡಿಯುತ್ತದೆ, ಅದಕ್ಕೂ ಪೆನಿಸಿಲಿನ್ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೆ ಟೆಮ್-1ರಲ್ಲಿ 166ನೇ ಸ್ಥಾನದಲ್ಲಿ ಒಂದು ಗ್ಲುಟಮೇಟ್ ಇದೆ. ಅದು ಒಂದು ನೀರಿನ ಅಣುವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿಕೊಂಡಿರುತ್ತದೆ. ಪೆನಿಸಿಲಿನ್ ಅಂಟಿದ ಕೂಡಲೇ ಆ ನೀರು ಬಂದು ಕೊಂಡಿಯನ್ನು ಕತ್ತರಿಸುತ್ತದೆ. ಬಿಚ್ಚಿದ ಉಂಗುರದ ಪೆನಿಸಿಲಿನ್ ನಿಷ್ಪ್ರಯೋಜಕ ಆಮ್ಲವಾಗಿ ಹೊರಬೀಳುತ್ತದೆ, ಕಿಣ್ವ ಮುಂದಿನದಕ್ಕೆ ಸಿದ್ಧ. ಪಿಬಿಪಿಯಲ್ಲಿ ಗಂಟೆಗಟ್ಟಲೆ ಹಿಡಿಯುವ ಬಿಡುಗಡೆ ಇಲ್ಲಿ ಒಂದು ಸೆಕೆಂಡಿಗೆ ಸಾವಿರದಷ್ಟು ಸಲ ನಡೆಯುತ್ತದೆ. ಇಡೀ ವ್ಯತ್ಯಾಸ ಒಂದು ನೀರಿನ ಅಣುವಿನದು.

ಈ ಕಿಣ್ವ ಇರುವ ಜಾಗವೂ ಮುಖ್ಯ. ಈಕೊಲೈಗೆ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇದೆ. ಮದ್ದು ಅದರಲ್ಲಿರುವ ಪೋರಿನ್ ಎಂಬ ಸಣ್ಣ ರಂಧ್ರಗಳ ಮೂಲಕ ನಿಧಾನವಾಗಿ ಒಳಗೆ ಸೋರಬೇಕು. ಎರಡು ಪೊರೆಗಳ ನಡುವಿನ ಇಕ್ಕಟ್ಟಿನಲ್ಲಿ ಬೀಟಾ-ಲ್ಯಾಕ್ಟಮೇಸ್ ಕಾದಿರುತ್ತದೆ. ಬರುವುದು ನಿಧಾನ, ಮುರಿಯುವುದು ವೇಗ. ಪಿಬಿಪಿಯವರೆಗೆ ಮದ್ದು ತಲುಪುವುದೇ ಇಲ್ಲ.

ಎರಡನೇ ಆರ್ ಸೆಫ್ಟ್ರಿಯಾಕ್ಸೋನ್‌ಗೆ ಬಂದದ್ದು. ಟೆಮ್-1ಕ್ಕೆ ಇದು ಆಗದ ಕೆಲಸ. ಸೆಫ್ಟ್ರಿಯಾಕ್ಸೋನ್‌ನ ಉಂಗುರದ ಪಕ್ಕದಲ್ಲಿ ದೊಡ್ಡದೊಂದು ಗುಂಪನ್ನು ಅಂಟಿಸಿದ್ದೇ ಈ ಹಳೆಯ ಕಿಣ್ವಗಳ ಒಳಗೆ ಅದು ಹಿಡಿಸಬಾರದು ಎಂದು. ಆದರೆ ಇದಕ್ಕೂ ದಾರಿ ಮಾಡಿಕೊಂಡ ಕಿಣ್ವಗಳು ಬಂದವು. ಅವನ್ನು ಇಎಸ್‌ಬಿಎಲ್ ಎನ್ನುತ್ತಾರೆ, ವ್ಯಾಪ್ತಿ ಹಿಗ್ಗಿದ ಬೀಟಾ-ಲ್ಯಾಕ್ಟಮೇಸ್‌ಗಳು. ಮೊದಲು ಕಂಡವು ಹಳೆಯ ಕಿಣ್ವಗಳಲ್ಲೇ ಒಂದೆರಡು ಅಮೈನೊ ಆಮ್ಲ ಬದಲಾಗಿ ಬಾಯಿ ಅಗಲವಾದವು. ಇವತ್ತು ಭಾರತದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಸಿಟಿಎಕ್ಸ್-ಎಂ-15. ಅದರ ಮೂಲ ಈಕೊಲೈಯಲ್ಲಿ ಇಲ್ಲವೇ ಇಲ್ಲ. ಕ್ಲೂಯ್ವೆರಾ ಎಂಬ, ಪರಿಸರದಲ್ಲಿ ಬದುಕುವ, ಮನುಷ್ಯರಿಗೆ ಅಪರೂಪಕ್ಕೆ ಮಾತ್ರ ರೋಗ ತರುವ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿದ್ದ ಜೀನ್ ಅದು. ಜಿಗಿಯುವ ಡಿಎನ್‌ಎ ತುಣುಕೊಂದು ಅದನ್ನು ಎತ್ತಿಕೊಂಡು ಪ್ಲಾಸ್ಮಿಡ್ ಮೇಲೆ ಕೂರಿಸಿತು. ಪ್ಲಾಸ್ಮಿಡ್ ಎಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲ ಡಿಎನ್‌ಎ ಉಂಗುರ. ಸಿಟಿಎಕ್ಸ್-ಎಂ-15ನ್ನು 2001ರಲ್ಲಿ ಮೊದಲು ವರದಿ ಮಾಡಿದ್ದು ದೆಹಲಿಯ ಆಸ್ಪತ್ರೆಯೊಂದರಲ್ಲಿ 1999ರಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾಗಳಿಂದ. ಇದೇ ಪ್ಲಾಸ್ಮಿಡ್ ಮೇಲೆ ಜೆಂಟಾಮೈಸಿನ್‌ನಂಥ ಬೇರೆ ಕುಟುಂಬದ ಮದ್ದುಗಳನ್ನು ಸೋಲಿಸುವ ಜೀನ್‌ಗಳೂ ಸವಾರಿ ಮಾಡುತ್ತವೆ. ಒಂದು ಮದ್ದಿಗೆ ಆರ್ ಬಂದ ವರದಿಯಲ್ಲಿ ಸಂಬಂಧವೇ ಇಲ್ಲದ ಇನ್ನೂ ನಾಲ್ಕಕ್ಕೆ ಆರ್ ಬರುವುದು ಹೀಗೆ.

ಇದು ಇಎಸ್‌ಬಿಎಲ್ ಹೌದೇ ಎಂದು ನೋಡುವ ವಿಧಾನ ಬಹಳ ಸರಳ, ಜೀನ್ ಪರೀಕ್ಷೆ ಏನೂ ಬೇಡ. ಅಗರ್ ತಟ್ಟೆಯ ಮೇಲೆ ಈ ಈಕೊಲೈಯನ್ನು ಹರಡಿ, ಒಂದು ಕಡೆ ಸೆಫ್ಟ್ರಿಯಾಕ್ಸೋನ್‌ನ ಹತ್ತಿರದ ಬಂಧುವಾದ ಸೆಫೊಟಾಕ್ಸಿಮ್ ಇರುವ ಕಾಗದದ ಬಿಲ್ಲೆ, ಇನ್ನೊಂದು ಕಡೆ ಸೆಫೊಟಾಕ್ಸಿಮ್ ಜೊತೆ ಕ್ಲಾವುಲಾನಿಕ್ ಆಮ್ಲವೂ ಇರುವ ಬಿಲ್ಲೆ ಇಡುತ್ತಾರೆ. ಕ್ಲಾವುಲಾನಿಕ್ ಆಮ್ಲಕ್ಕೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ. ಅದು ತಾನಾಗಿ ಬ್ಯಾಕ್ಟೀರಿಯಾವನ್ನು ಹೆಚ್ಚೇನೂ ಕೊಲ್ಲುವುದಿಲ್ಲ, ಆದರೆ ಈ ಕಿಣ್ವಗಳ ಸೆರೀನ್‌ಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಮರುದಿನ ಬೆಳಿಗ್ಗೆ ಅಳೆದರೆ ಮೊದಲ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ, ಅಂದರೆ ಝೋನ್, ಉದಾಹರಣೆಗೆ 12 ಮಿಲಿಮೀಟರ್. ಎರಡನೆಯದರ ಸುತ್ತ 24. ವ್ಯತ್ಯಾಸ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಎಸ್‌ಬಿಎಲ್ ಎಂದು ಬರೆಯುತ್ತಾರೆ. ಮದ್ದು ಸೋತದ್ದು ಕಿಣ್ವದಿಂದಲೇ, ಆ ಕಿಣ್ವವನ್ನು ತಡೆದರೆ ಅದೇ ಮದ್ದು ಗೆಲ್ಲುತ್ತದೆ ಎಂಬುದು ತಟ್ಟೆಯ ಮೇಲೆ ಕಣ್ಣಿಗೇ ಕಾಣುತ್ತದೆ.

ಸೆಫಾಕ್ಸಿಟಿನ್ ಎಸ್ ಬಂದದ್ದು ಇದಕ್ಕೆ ಇನ್ನೊಂದು ಸಾಕ್ಷಿ. ಅದರ ಉಂಗುರದ ಮೇಲೆ ಮೆಥಾಕ್ಸಿ ಗುಂಪೊಂದು ಇದೆ, ಅದು ಕೊಂಡಿ ಕತ್ತರಿಸಬೇಕಾದ ನೀರಿನ ದಾರಿಗೆ ಅಡ್ಡ ಬರುತ್ತದೆ. ಸಿಟಿಎಕ್ಸ್-ಎಂ ಅದನ್ನು ಮುರಿಯಲಾರದು. ಆಂಪ್-ಸಿ ಎಂಬ ಬೇರೆ ವರ್ಗದ ಕಿಣ್ವ ಮುರಿಯುತ್ತದೆ. ಅದು ಇದ್ದಿದ್ದರೆ ಈ ಸಾಲಿನಲ್ಲೂ ಆರ್ ಇರುತ್ತಿತ್ತು.

ಇನ್ನು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಎದುರು ಇರುವ ಎಸ್. ಟಾಜೊಬ್ಯಾಕ್ಟಮ್ ಕೂಡ ಕ್ಲಾವುಲಾನಿಕ್ ಆಮ್ಲದ ಕೆಲಸವನ್ನೇ ಮಾಡುತ್ತದೆ, ಹಾಗಾಗಿ ಈ ಎಸ್ ಸಹಜ. ಆದರೆ ವರದಿಯಲ್ಲಿ ನನಗೆ ಕಡಿಮೆ ನಂಬಿಕೆ ಇರುವ ಸಾಲು ಯಾವುದೆಂದು ಕೇಳಿದರೆ ಇದೇ. ಲ್ಯಾಬಿನಲ್ಲಿ ಪರೀಕ್ಷೆಗೆ ಹಾಕುವ ಬ್ಯಾಕ್ಟೀರಿಯಾಗಳ ಸಂಖ್ಯೆ ನಿಗದಿ ಮಾಡಿದ್ದು. ಮೈಯೊಳಗೆ ಕೀವು ಕಟ್ಟಿದ ಕಡೆ ಅದರ ಎಷ್ಟೋ ಪಟ್ಟು ಬ್ಯಾಕ್ಟೀರಿಯಾ, ಅಷ್ಟೇ ಪಟ್ಟು ಕಿಣ್ವ ಇರಬಹುದು. ಟಾಜೊಬ್ಯಾಕ್ಟಮ್ ಮುಗಿದುಹೋಗಿ ಕಿಣ್ವ ಉಳಿಯುತ್ತದೆ. 2018ರಲ್ಲಿ ಪ್ರಕಟವಾದ ಮೆರಿನೊ ಎಂಬ ಪ್ರಯೋಗದಲ್ಲಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಈಕೊಲೈ ಅಥವಾ ಅದರ ಬಂಧು ಬ್ಯಾಕ್ಟೀರಿಯಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದ ರೋಗಿಗಳನ್ನು ಎರಡು ಗುಂಪು ಮಾಡಿದರು. ಲ್ಯಾಬ್ ವರದಿಯ ಪ್ರಕಾರ ಎರಡೂ ಮದ್ದಿಗೆ ಎಸ್ ಇದ್ದವರೇ ಎಲ್ಲರೂ. 30 ದಿನಗಳೊಳಗೆ ಸತ್ತವರು ಮೆರೊಪೆನೆಮ್ ಪಡೆದವರಲ್ಲಿ ನೂರಕ್ಕೆ 3.7, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಪಡೆದವರಲ್ಲಿ 12.3. ಈ ಸಂಖ್ಯೆ ರಕ್ತದ ಸೋಂಕಿನದು. ಬರೀ ಮೂತ್ರಕೋಶದ ಉರಿಗೆ ಇದನ್ನು ಹಾಗೆಯೇ ಅನ್ವಯಿಸಬಾರದು, ಮೂತ್ರದಲ್ಲಿ ಮದ್ದಿನ ಸಾಂದ್ರತೆ ಬಹಳ ಹೆಚ್ಚಿರುತ್ತದೆ. ಕಾಪುವಿನ ಆ ಹೆಂಗಸಿಗೆ ಚಳಿಜ್ವರ ಇದೆ, ಸೋಂಕು ಕಿಡ್ನಿಗೆ ಏರಿರಬಹುದು ಎಂಬುದರಿಂದ ಡಾಕ್ಟರು ಮೆರೊಪೆನೆಮ್‌ಗೆ ಹೋದರೆ ಅದಕ್ಕೆ ಅರ್ಥವಿದೆ.

ಮೆರೊಪೆನೆಮ್ ಯಾಕೆ ತಾಗುತ್ತದೆ? ಅದೂ ಸಿಟಿಎಕ್ಸ್-ಎಂನ ಸೆರೀನ್‌ಗೆ ಅಂಟುತ್ತದೆ, ಆದರೆ ಅದರ ಪಕ್ಕದ ಗುಂಪು ನೀರಿನ ಅಣುವನ್ನು ಕೆಲಸ ಮಾಡಲು ಬಿಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಬಿಡುಗಡೆಯಾಗುತ್ತಿದ್ದ ಕಿಣ್ವ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಪಿಬಿಪಿ ಸಿಕ್ಕಿಹಾಕಿಕೊಂಡ ಹಾಗೆಯೇ.

ನಮ್ಮ ಉದಾಹರಣೆಯನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ. ಕೆಲವು ತಿಂಗಳ ನಂತರ ಅದೇ ಹೆಂಗಸು ಬೇರೆ ಕಾರಣಕ್ಕೆ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಕ್ಯಾಥೆಟರ್ ಹಾಕಿದ್ದಾರೆ, ಮತ್ತೆ ಜ್ವರ. ಮತ್ತೆ ಈಕೊಲೈ. ಈ ಸಲ ಮೆರೊಪೆನೆಮ್ ಎದುರೂ ಆರ್. ಬಿಲ್ಲೆಯ ಸುತ್ತ 23 ಮಿಲಿಮೀಟರ್ ಇದ್ದರೆ ಎಸ್ ಎನ್ನಬಹುದಾಗಿತ್ತು, ಬಂದದ್ದು ಹತ್ತೋ ಹನ್ನೆರಡೋ.

ಇಲ್ಲಿ ಎರಡು ಸಾಧ್ಯತೆಗಳಿವೆ, ಬೇರೆ ಮಾಡಲೇಬೇಕು. ಒಂದು, ಮೆರೊಪೆನೆಮ್ ಅನ್ನೇ ಮುರಿಯುವ ಕಿಣ್ವ. ಇನ್ನೊಂದು, ಹೊರಪೊರೆಯ ಪೋರಿನ್ ರಂಧ್ರಗಳನ್ನು ಬ್ಯಾಕ್ಟೀರಿಯಾ ಕಳೆದುಕೊಂಡಿರುವುದು. ಒಳಗೆ ಬರುವ ಮದ್ದು ತೀರ ಕಡಿಮೆಯಾದರೆ ಸಿಟಿಎಕ್ಸ್-ಎಂ ಅಥವಾ ಆಂಪ್-ಸಿಯಂಥ ದುರ್ಬಲ ಕಿಣ್ವವೂ ಅಷ್ಟಿಷ್ಟನ್ನು ಹಿಡಿದು ನಿಲ್ಲಿಸಬಲ್ಲದು. ಎರಡರಲ್ಲೂ ವರದಿ ಆರ್ ಎಂದೇ ಹೇಳುತ್ತದೆ. ಆದರೆ ಮೊದಲನೆಯದು ಪ್ಲಾಸ್ಮಿಡ್ ಹತ್ತಿ ಪಕ್ಕದ ಹಾಸಿಗೆಗೆ ದಾಟಬಲ್ಲದು, ಎರಡನೆಯದಕ್ಕೆ ಆ ಸಾಮರ್ಥ್ಯ ಇಲ್ಲ.

ಬೇರೆ ಮಾಡುವ ಪರೀಕ್ಷೆಯ ಹೆಸರು ಎಂಸಿಐಎಂ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ನೇರ ಉತ್ತರ ಕೊಡುವ ಪರೀಕ್ಷೆ ಸೂಕ್ಷ್ಮಜೀವಿ ವಿಭಾಗದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ. 2 ಮಿಲಿಲೀಟರ್ ಪೋಷಕ ದ್ರವದಲ್ಲಿ ಆ ಈಕೊಲೈಯನ್ನು ಒಂದು ಸಣ್ಣ ಲೂಪ್‌ನಷ್ಟು ಕದಡಿ, ಅದರಲ್ಲಿ 10 ಮೈಕ್ರೊಗ್ರಾಂ ಮೆರೊಪೆನೆಮ್ ಇರುವ ಬಿಲ್ಲೆಯನ್ನು ಮುಳುಗಿಸಿ ನಾಲ್ಕು ಗಂಟೆ ಇನ್‌ಕ್ಯುಬೇಟರಿನಲ್ಲಿ ಇಡಬೇಕು. ಆಮೇಲೆ ಬಿಲ್ಲೆಯನ್ನು ಎತ್ತಿ, ಎಲ್ಲ ಮದ್ದಿಗೂ ಬಗ್ಗುವ ಸಾಧು ಈಕೊಲೈ ಹರಡಿದ ಹೊಸ ತಟ್ಟೆಯ ಮೇಲೆ ಇಡಬೇಕು. ಕೇಳುತ್ತಿರುವ ಪ್ರಶ್ನೆ ಒಂದೇ: ಬಿಲ್ಲೆಯಲ್ಲಿ ಮದ್ದು ಇನ್ನೂ ಉಳಿದಿದೆಯೇ? ಮರುದಿನ ಬಿಲ್ಲೆಯ ಸುತ್ತ 19 ಮಿಲಿಮೀಟರ್ ಅಥವಾ ಹೆಚ್ಚು ಖಾಲಿ ಜಾಗ ಇದ್ದರೆ ಮದ್ದು ಉಳಿದಿದೆ, ರೋಗಿಯ ಬ್ಯಾಕ್ಟೀರಿಯಾ ಅದನ್ನು ಮುರಿದಿಲ್ಲ, ಪೋರಿನ್ ಕಡೆ ಅನುಮಾನ ಪಡಬೇಕು. ಸಾಧು ಈಕೊಲೈ ಬಿಲ್ಲೆಯ ಬುಡದವರೆಗೂ ಬೆಳೆದಿದ್ದರೆ ರೋಗಿಯ ಬ್ಯಾಕ್ಟೀರಿಯಾ ಮದ್ದನ್ನು ನಾಲ್ಕು ಗಂಟೆಯಲ್ಲಿ ಮುಗಿಸಿಬಿಟ್ಟಿದೆ ಎಂದರ್ಥ.

ಅದೇ ಪರೀಕ್ಷೆಯನ್ನು ಪಕ್ಕದ ಇನ್ನೊಂದು ನಳಿಕೆಯಲ್ಲಿ ಇಡಿಟಿಎ ಎಂಬ ರಾಸಾಯನಿಕ ಸೇರಿಸಿಯೂ ಮಾಡುತ್ತಾರೆ. ಇಡಿಟಿಎ ಲೋಹದ ಅಯಾನುಗಳನ್ನು ಕಸಿದುಕೊಳ್ಳುತ್ತದೆ. ಅದು ಇದ್ದ ನಳಿಕೆಯ ಬಿಲ್ಲೆಯಲ್ಲಿ ಮದ್ದು ಉಳಿದು, ಝೋನ್ 5 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾದರೆ, ಮದ್ದು ಮುರಿದ ಕಿಣ್ವಕ್ಕೆ ಲೋಹ ಬೇಕಿತ್ತು ಎಂದಾಯಿತು. ನಮ್ಮ ಉದಾಹರಣೆಯಲ್ಲಿ ಹಾಗೇ ಆಯಿತು ಎನ್ನೋಣ. ಈಗ ಉತ್ತರ ಬಹುಮಟ್ಟಿಗೆ ಖಚಿತ: ಎನ್‌ಡಿಎಂ, ಅಂದರೆ ನ್ಯೂಡೆಲ್ಲಿ ಮೆಟಾಲೊ-ಬೀಟಾ-ಲ್ಯಾಕ್ಟಮೇಸ್.

ಎನ್‌ಡಿಎಂ ಇದುವರೆಗೆ ನೋಡಿದ ಕಿಣ್ವಗಳ ದಾಯಾದಿಯಲ್ಲ. ಅದರಲ್ಲಿ ಕೆಲಸ ಮಾಡುವ ಸೆರೀನ್ ಇಲ್ಲ. ಅದರ ನಡುವೆ ಎರಡು ಸತುವಿನ ಅಯಾನುಗಳಿವೆ. ನೀರಿನ ಅಣುವನ್ನು ಆ ಸತುವೇ ಹರಿತಗೊಳಿಸಿ ನೇರವಾಗಿ ಉಂಗುರದ ಮೇಲೆ ಬಿಡುತ್ತದೆ. ಮದ್ದು ಕಿಣ್ವಕ್ಕೆ ಅಂಟಿಕೊಳ್ಳುವ ಘಟ್ಟವೇ ಇಲ್ಲ. ಮೆರೊಪೆನೆಮ್‌ನ ಉಪಾಯವೆಲ್ಲ ಅಂಟಿಕೊಂಡ ಮೇಲೆ ಬಿಡದಿರುವುದರಲ್ಲಿ ಇತ್ತು. ಅಂಟುವುದೇ ಇಲ್ಲದ ಕಡೆ ಅದು ನಡೆಯುವುದಿಲ್ಲ. ಕ್ಲಾವುಲಾನಿಕ್ ಆಮ್ಲ, ಟಾಜೊಬ್ಯಾಕ್ಟಮ್, ಹೊಸದಾದ ಅವಿಬ್ಯಾಕ್ಟಮ್ ಇವೆಲ್ಲ ಸೆರೀನ್ ಹುಡುಕಿಕೊಂಡು ಹೋಗುವವು, ಹಾಗಾಗಿ ಅವೂ ಎನ್‌ಡಿಎಂ ಎದುರು ವ್ಯರ್ಥ. ಇದು ಮೊದಲು ಸಿಕ್ಕಿದ್ದು 2008ರಲ್ಲಿ ಸ್ವೀಡನ್‌ನಲ್ಲಿ, ದೆಹಲಿಯಲ್ಲಿ ಆಸ್ಪತ್ರೆಗೆ ಸೇರಿ ಹಿಂದಿರುಗಿದ್ದ ಭಾರತೀಯ ಮೂಲದ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ. ಹೆಸರಿನಲ್ಲಿ ನವದೆಹಲಿ ಸೇರಿದ್ದಕ್ಕೆ ನಮ್ಮಲ್ಲಿ ದೊಡ್ಡ ಗಲಾಟೆಯೇ ಆಯಿತು.

ಎನ್‌ಡಿಎಂಗೆ ಒಂದು ದೌರ್ಬಲ್ಯ ಇದೆ. ಅಜ್ಟ್ರಿಯೊನಾಮ್ ಎಂಬ ಬೀಟಾ-ಲ್ಯಾಕ್ಟಮ್ ಅದರ ಬಾಯಿಗೆ ಹಿಡಿಸುವುದಿಲ್ಲ. ಉಳಿದ ಬೀಟಾ-ಲ್ಯಾಕ್ಟಮ್‌ಗಳಲ್ಲಿ ನಾಲ್ಕರ ಉಂಗುರಕ್ಕೆ ಇನ್ನೊಂದು ಉಂಗುರ ಜೋಡಿಸಿರುತ್ತದೆ, ಇದರಲ್ಲಿ ಆ ಒಂದೇ ಉಂಗುರ. ಹಾಗಾದರೆ ನೇರವಾಗಿ ಅಜ್ಟ್ರಿಯೊನಾಮ್ ಕೊಡಬಹುದಲ್ಲ? ಕೊಡಲಾಗದು. ಎನ್‌ಡಿಎಂ ಇರುವ ಈಕೊಲೈಯಲ್ಲಿ ಹಳೆಯ ಸಿಟಿಎಕ್ಸ್-ಎಂ-15 ಹೆಚ್ಚಾಗಿ ಜೊತೆಗೇ ಇರುತ್ತದೆ, ಅದಕ್ಕೆ ಅಜ್ಟ್ರಿಯೊನಾಮ್ ಎಂದರೆ ಸುಲಭದ ತುತ್ತು. ಆದ್ದರಿಂದ ಜೋಡಿ ಬೇಕು. ಅವಿಬ್ಯಾಕ್ಟಮ್ ಸಿಟಿಎಕ್ಸ್-ಎಂ ಮತ್ತು ಆಂಪ್-ಸಿಗಳನ್ನು ಕಟ್ಟಿಹಾಕುತ್ತದೆ, ಎನ್‌ಡಿಎಂ ಅಜ್ಟ್ರಿಯೊನಾಮ್ ಅನ್ನು ಮುಟ್ಟಲಾರದು, ಅಜ್ಟ್ರಿಯೊನಾಮ್ ನೇರ ಪಿಬಿಪಿ-3ಕ್ಕೆ ಹೋಗುತ್ತದೆ. ಎರಡೂ ಸೇರಿದ ಮದ್ದಿಗೆ ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಡಾಕ್ಟರುಗಳು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದು ಕಡೆ, ಅಜ್ಟ್ರಿಯೊನಾಮ್ ಇನ್ನೊಂದು ಕಡೆ ಒಟ್ಟಿಗೇ ಡ್ರಿಪ್ ಹಾಕಿ ಇದೇ ಕೆಲಸ ಮಾಡಿಸುತ್ತಿದ್ದರು. ಇಲ್ಲಿ ಹೊತ್ತು ಮುಖ್ಯ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಕೊಟ್ಟರೆ ಜೋಡಿ ಜೋಡಿಯಾಗಿ ಉಳಿಯುವುದಿಲ್ಲ.

ಇಲ್ಲಿಯವರೆಗೆ ನೋಡಿದ್ದೆಲ್ಲ ಮದ್ದನ್ನು ದಾರಿಯಲ್ಲೇ ಮುಗಿಸುವ ಉಪಾಯ. ಎರಡನೇ ಬಗೆಯಲ್ಲಿ ಮದ್ದಿಗೆ ಏನೂ ಆಗುವುದಿಲ್ಲ, ಅದು ಹೊಡೆಯಬೇಕಾದ ಪಿಬಿಪಿಯೇ ಬದಲಾಗಿರುತ್ತದೆ. ಇದರ ಹೆಸರಾಂತ ಉದಾಹರಣೆ ಈಕೊಲೈ ಅಲ್ಲ, ಗಾಯ, ಕುರುಗಳಲ್ಲಿ ಸಿಗುವ ಸ್ಟ್ಯಾಫಿಲೊಕಾಕಸ್ ಆರಿಯಸ್. ಅದರ ಪೆನಿಸಿಲಿನೇಸ್ ಕಿಣ್ವಕ್ಕೆ ಬಗ್ಗದ ಮದ್ದಾಗಿ ಮೆಥಿಸಿಲಿನ್ ತಯಾರಾಗಿ ಬಳಕೆಗೆ ಬಂದ ಒಂದೆರಡು ವರ್ಷದಲ್ಲೇ, 1961ರಲ್ಲಿ, ಅದಕ್ಕೂ ಜಗ್ಗದ ತಳಿ ಇಂಗ್ಲೆಂಡಿನಿಂದ ವರದಿಯಾಯಿತು. ಎಂಆರ್‌ಎಸ್‌ಎ ಎಂದು ನಾವು ಕೇಳುವುದು ಇದನ್ನೇ. ಅದು ಬೇರೆ ಸ್ಟ್ಯಾಫಿಲೊಕಾಕಸ್‌ನಿಂದ ಮೆಕ್-ಎ ಎಂಬ ಜೀನ್ ತಂದುಕೊಂಡು ಪಿಬಿಪಿ-2ಎ ಎಂಬ ಹೆಚ್ಚುವರಿ ಕಿಣ್ವ ತಯಾರಿಸುತ್ತದೆ. ಪಿಬಿಪಿ-2ಎಯ ಸೆರೀನ್ ಆಳದಲ್ಲಿ ಮುಚ್ಚಿಕೊಂಡಿರುತ್ತದೆ, ಮದ್ದು ಅದನ್ನು ಹಿಡಿಯುವುದು ತೀರಾ ನಿಧಾನ. ಉಳಿದ ಪಿಬಿಪಿಗಳೆಲ್ಲ ಮದ್ದಿಗೆ ಸಿಕ್ಕಿಬಿದ್ದರೂ ಇದೊಂದು ಗಂಟು ಹಾಕುತ್ತಾ ಹೋಗುತ್ತದೆ. ಇಲ್ಲಿ ಮುರಿಯುವ ಕಿಣ್ವವೇ ಕಾರಣವಲ್ಲದ್ದರಿಂದ ಕ್ಲಾವುಲಾನಿಕ್ ಆಮ್ಲ ಸೇರಿಸಿ ಪ್ರಯೋಜನವಿಲ್ಲ. ಇದನ್ನು ಹಿಡಿಯಲು ಲ್ಯಾಬಿನಲ್ಲಿ ಸೆಫಾಕ್ಸಿಟಿನ್ ಬಿಲ್ಲೆ ಇಡುತ್ತಾರೆ, 21 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ. ಈಕೊಲೈ ವರದಿಯಲ್ಲಿ ಆಂಪ್-ಸಿಯ ಸುಳಿವು ಕೊಟ್ಟ ಅದೇ ಬಿಲ್ಲೆ ಇಲ್ಲಿ ಬೇರೆಯದೇ ಸುದ್ದಿ ಹೇಳುತ್ತದೆ.

ಈಕೊಲೈಯಂಥ ಎರಡು ಪೊರೆಯ ಬ್ಯಾಕ್ಟೀರಿಯಾಗಳಲ್ಲಿ ಗುರಿಯ ಬದಲಾವಣೆ ಅಷ್ಟು ಮುಖ್ಯವಲ್ಲ, ಅಲ್ಲಿ ಕಿಣ್ವಗಳದೇ ಆಟ ಎಂದು ಬಹುಕಾಲ ಪಾಠ ಮಾಡುತ್ತಿದ್ದೆವು. ಮದ್ದು ಮುರಿಯುವ ಜೀನ್ ಪ್ಲಾಸ್ಮಿಡ್ ಮೇಲೆ ಸಿದ್ಧವಾಗಿ ಸಿಗುವಾಗ, ಇಲ್ಲದೆ ಬದುಕಲಾಗದ ಪಿಬಿಪಿಯನ್ನು ಕೈಯಾಡಿಸಿ ಕೆಡಿಸಿಕೊಳ್ಳುವ ಅಪಾಯ ಯಾಕೆ ಬೇಕು? ಆದರೆ 2015ರಿಂದ ಈಚೆಗೆ ಎನ್‌ಡಿಎಂ ಇರುವ ಈಕೊಲೈಗಳಲ್ಲಿ, ಅದರಲ್ಲೂ ಭಾರತದಿಂದ ಸಿಕ್ಕವುಗಳಲ್ಲಿ, ಒಂದು ವಿಚಿತ್ರ ಕಂಡುಬಂತು. ಅವುಗಳ ಪಿಬಿಪಿ-3ರಲ್ಲಿ 333ನೇ ಸ್ಥಾನದ ನಂತರ ನಾಲ್ಕು ಅಮೈನೊ ಆಮ್ಲಗಳು ಹೆಚ್ಚಾಗಿ ಸೇರಿಕೊಂಡಿವೆ. ಈ ಉಬ್ಬು ಮದ್ದು ಕೂರುವ ಬಾಯಿಯ ಹತ್ತಿರವೇ ಇದೆ. ಗಂಟು ಹಾಕುವ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ, ಅಜ್ಟ್ರಿಯೊನಾಮ್‌ಗೆ ಮಾತ್ರ ಸರಿಯಾಗಿ ಕೂರಲಾಗುವುದಿಲ್ಲ. ಮೆರೊಪೆನೆಮ್ ಈಕೊಲೈಯಲ್ಲಿ ಹೆಚ್ಚಾಗಿ ಹಿಡಿಯುವುದು ಪಿಬಿಪಿ-2 ಅನ್ನು, ಆದ್ದರಿಂದ ಅದಕ್ಕೆ ಈ ಉಬ್ಬಿನ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅದನ್ನು ಎನ್‌ಡಿಎಂ ಮೊದಲೇ ಮುಗಿಸಿರುತ್ತದೆ.

ಎನ್‌ಡಿಎಂನಿಂದ ತಪ್ಪಿಸಿಕೊಳ್ಳಲು ಆರಿಸಿದ ಮದ್ದು, ಅದರ ಕಾವಲಿಗೆ ಅವಿಬ್ಯಾಕ್ಟಮ್, ಇಷ್ಟೆಲ್ಲ ದಾಟಿ ಗುರಿ ತಲುಪಿದರೆ ಗುರಿಯ ಬಾಯಿಯೇ ಕಿರಿದಾಗಿದೆ. ಈ ಉಬ್ಬು ಒಂದರಿಂದಲೇ ಸಾಮಾನ್ಯವಾಗಿ ಜೋಡಿ ಪೂರ್ತಿ ಸೋಲುವುದಿಲ್ಲ. ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಸಾಂದ್ರತೆ, ಅಂದರೆ ಎಂಐಸಿ, ಹಲವು ಪಟ್ಟು ಏರುತ್ತದೆ. ಅದರ ಜೊತೆ ಸಿಎಂವೈ-42 ಎಂಬ ಆಂಪ್-ಸಿ ವರ್ಗದ ಕಿಣ್ವವೂ ಇದ್ದರೆ ಇನ್ನೂ ಏರಿ ಮದ್ದು ಕೈಕೊಡುವ ಮಟ್ಟ ಮುಟ್ಟಬಹುದು. ಕಿಣ್ವ ಮತ್ತು ಬದಲಾದ ಗುರಿಯನ್ನು ಪುಸ್ತಕಗಳು ಎರಡು ಅಧ್ಯಾಯ ಮಾಡಿ ಹೇಳುತ್ತವೆ, ಬ್ಯಾಕ್ಟೀರಿಯಾಕ್ಕೆ ಆ ವಿಂಗಡಣೆ ಇಲ್ಲ. ಕಿಣ್ವ ಅರ್ಧ ಮದ್ದನ್ನು ಮುಗಿಸಿ, ಉಳಿದರ್ಧಕ್ಕೆ ಗುರಿ ಜಗ್ಗದಿದ್ದರೆ ಅದಕ್ಕೆ ಸಾಕು.

ಎರಡನೇ ವರದಿ ಹಿಡಿದ ಡಾಕ್ಟರಿಗೆ ಇದರಿಂದ ಒಂದು ತೊಡಕು. ಆಸ್ಪತ್ರೆಗಳಲ್ಲಿ ಈಗ ಒಂದೆರಡು ಗಂಟೆಯೊಳಗೆ ಎನ್‌ಡಿಎಂ ಜೀನ್ ಇದೆಯೇ ಎಂದು ಹೇಳುವ ಕಿಟ್‌ಗಳಿವೆ. ಅವು ಹುಡುಕುವುದು ಮದ್ದು ಮುರಿಯುವ ಕಿಣ್ವಗಳ ಜೀನ್‌ಗಳನ್ನು ಮಾತ್ರ, ಪಿಬಿಪಿ-3ರ ನಾಲ್ಕು ಅಮೈನೊ ಆಮ್ಲಗಳನ್ನಲ್ಲ. ‘ಎನ್‌ಡಿಎಂ ಇದೆ’ ಎಂಬ ಫಲಿತಾಂಶ ನೋಡಿ ಅಜ್ಟ್ರಿಯೊನಾಮ್-ಅವಿಬ್ಯಾಕ್ಟಮ್ ಜೋಡಿಯನ್ನು ಶುರು ಮಾಡುವುದು ಸರಿಯಾದ ಹೆಜ್ಜೆಯೇ. ಆದರೆ ಅದು ಈಕೊಲೈ ಆಗಿದ್ದರೆ, ಆ ಜೋಡಿಯನ್ನೇ ಅದೇ ಬ್ಯಾಕ್ಟೀರಿಯಾದ ಮೇಲೆ ಹಾಕಿ ಎಂಐಸಿ ಅಳೆಯಲು ಅದೇ ದಿನ ಲ್ಯಾಬಿಗೆ ಹೇಳಿಡಬೇಕು. ಮರುದಿನ ಬರುವ ಆ ಸಂಖ್ಯೆ ಕಡಿಮೆ ಇದ್ದರೆ ಅದೇ ಮದ್ದು ಮುಂದುವರಿಯುತ್ತದೆ, ಹೆಚ್ಚಿದ್ದರೆ ಕೊಲಿಸ್ಟಿನ್‌ನಂಥ ಬೇರೆ ಕುಟುಂಬದ, ಕಿಡ್ನಿಗೆ ಕಷ್ಟ ಕೊಡುವ ಮದ್ದುಗಳ ಕಡೆ ನೋಡಬೇಕಾಗುತ್ತದೆ.